ಬಾರದವರಿಗೆ ಬರೆದ ಇ-ಮೇಲ್

ಎರಡು ಸಾವಿರದ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದ ಒಂದು ಖಾಸಗಿ ವಾಚನಾಲಯದಲ್ಲಿ ಕೆಲಸಕ್ಕಿದ್ದೆ. ಚಂದಾ ಮುಗಿದ ಮೇಲೆ ತಿರುಗಿ ಬಾರದ ಸದಸ್ಯರಿಗೆ ಕಳಿಸಲೆಂದು ಮಾಲೀಕರಾದ ನಿವೃತ್ತ ಮಾಸ್ತರರು ಒಂದು ಇ-ಮೇಲ್ ಬರೆದುಕೊಟ್ಟರು. ‘ನಮ್ಮನ್ನು ಮರೆತೇಬಿಟ್ಟಿರಲ್ಲ’ ಎಂಬುದೇ ಅದರ ಮೊದಲ ಸಾಲು. ಓದಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

“ಇದನ್ನ ಓದಿದವ್ರು ಮುಖ ತಪ್ಪಸ್ತಾರ್ರಿ, ಸರ್,” ಎಂದೆ.

“ಮನಿಗೆ ಬಂದವ್ರಿಗೆ ನಾವು ಹಿಂಗ ಅಂತೇವಲ್ಲ. ಅದರಾಗ ಸಿಟ್ಟೆಲ್ಲೈತಿ?”

“ಇವ್ರು ಇನ್ನೂ ಬಂದಿಲ್ಲಲ್ರಿ. ಹಿಂಗಂದು ನಕ್ಕು ಚಾ ಕೊಡಾಕ ಇ-ಮೇಲಿಗೆ ಆಗತೈತೇನ್ರಿ?”

ಅವರು ಕೀಬೋರ್ಡನ್ನು ನನ್ನತ್ತ ಸರಿಸಿದರು. ನಾನು ಬರೆದೆ, ಅಳಿಸಿದೆ, ಎದ್ದು ಓಡಾಡಿ ಮತ್ತೆ ಬರೆದೆ. ‘ನೀವಿಲ್ಲದೆ ಕಪಾಟುಗಳು ಬಿಕೋ ಎನ್ನುತ್ತಿವೆ’ ಎಂಬುದೂ ಚುಚ್ಚುವಂತಿತ್ತು, ತೆಗೆದೆ. ಕೊನೆಗೆ ಉಳಿದದ್ದು ಇಷ್ಟು: ‘ನೀವು ಬಂದು ಬಹಳ ದಿನವಾಯಿತು. ಎಲ್ಲರಿಗೂ ಕೆಲಸಗಳಿರುತ್ತವೆ. ಹೊಸ ಕಾದಂಬರಿಗಳು ಬಂದಿವೆ, ಈಗ ಭಾನುವಾರವೂ ತೆರೆದಿರುತ್ತೇವೆ. ಹಳೆಯ ಸದಸ್ಯತ್ವ ಸಂಖ್ಯೆಯೇ ನಡೆಯುತ್ತದೆ. ಇಂಥ ಇ-ಮೇಲ್ ಬೇಡವೆನಿಸಿದರೆ ಒಂದು ಸಾಲು ಬರೆಯಿರಿ, ನಿಲ್ಲಿಸುತ್ತೇವೆ.’

ಕಳಿಸಿದ ಮೇಲೂ ಸಮಾಧಾನವಿಲ್ಲ. ಇನ್‌ಬಾಕ್ಸ್ ತೆರೆಯುವುದು, ಮುಚ್ಚುವುದು. ಇಬ್ಬರು ಬೇಡವೆಂದು ಬರೆದರು. ಭಾನುವಾರ ಸವದತ್ತಿ ಬಸ್ಸಿಳಿದು ಬಂದ ಹಳೆಯ ಸದಸ್ಯೆ, ಶಿಕ್ಷಕಿಯೊಬ್ಬರು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಅಂದೇಬಿಟ್ಟರು: “ಮರತೇಬಿಟ್ಟಿದ್ರಿ ಬಿಡ್ರಿ ನಮ್ಮನ್ನ.”

ಆಕೆ ನಕ್ಕರು. “ಎಲ್ಲಿ ಮರೀತೇನ್ರಿ, ಸರ್,” ಎಂದು ತಮ್ಮ ಹಳೆಯ ಕುರ್ಚಿಯಲ್ಲೇ ಕುಳಿತರು.

ಮಾಸ್ತರರು ನನ್ನತ್ತ ನೋಡದೆ, ಎದುರಿನ ಅಂಗಡಿಗೆ ಕೂಗಿ ಚಾ ಹೇಳಿದರು.