ನಮ್ಮ ಕಡೆ ಹೀಗೆ ಹಾಕಲ್ಲ

ಚಿಕ್ಕಂದಿನಲ್ಲಿ ಕಳೆದುಹೋದವರಿಗೆ ಮನೆ ಹುಡುಕಿಕೊಡುವ ಆ ಸಂಸ್ಥೆಯಲ್ಲಿ ಇದ್ದದ್ದು ಎರಡು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು, ಮತ್ತು ಚುಕ್ಕಿ ಟೀಚರ್. ಸಂಬಳವಿಲ್ಲ. ಬೆಳಗಿನ ಕಾಫಿ ಮಾತ್ರ ಸಂಸ್ಥೆಯದು, ಅದೂ ತಣ್ಣಗಿನದು. ಆದರೂ ಟೀಚರ್ ಹತ್ತು ಗಂಟೆಗೆ ಹಾಜರ್. ಗಂಡ ಹೋಗಿದ್ದರು, ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ಕೂತರೆ ಫ್ರಿಜ್ಜಿನ ಸದ್ದೊಂದೇ ಕೇಳುತ್ತಿತ್ತು. ಅದಕ್ಕಿಂತ ತಣ್ಣನೆ ಕಾಫಿ ವಾಸಿ.

ಮೂವತ್ತೊಂದು ವರ್ಷ ಅವರು ಹಾಸ್ಟೆಲ್ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು. ಎಲ್ಲೆಲ್ಲಿಂದಲೋ ಬಂದ ಮಕ್ಕಳಿಗೆ ಮೊದಲ ದಿನವೇ, "ನಿಮ್ಮನೆ ಬಾಗಿಲ ಮುಂದೆ ಅಮ್ಮ ಏನು ಹಾಕ್ತಾಳೋ ಅದನ್ನ ಬರೀರಿ" ಎನ್ನುತ್ತಿದ್ದರು. ಅತ್ತುಕೊಂಡಿದ್ದ ಮಕ್ಕಳೂ ಬರೆಯುತ್ತಿದ್ದವು. ಆ ಹಾಳೆಗಳ ಹಿಂದೆ ಊರು, ಬೀದಿ ಗುರುತು ಹಾಕಿ ಟೀಚರ್ ಜೋಪಾನ ಮಾಡಿದ್ದರು. ಹನ್ನೊಂದು ಕಟ್ಟು. ಯಾರಾದರೂ ಹೊಸ್ತಿಲು ಕಾಣುವ ಹಳೇ ಫೋಟೋ ತಂದರೆ, ಟೀಚರ್ ಭೂತಗನ್ನಡಿ ಹಿಡಿದು, ಕಟ್ಟು ಬಿಚ್ಚಿ, ಯಾವ ಸೀಮೆ ಎಂದು ಹೇಳುತ್ತಿದ್ದರು. ಹತ್ತಕ್ಕೆ ಆರು ಸಲ ಸರಿಯಾಗುತ್ತಿತ್ತು.

ಆ ವರ್ಷ ಬಂದವನು ಒಬ್ಬ ಲಾರಿ ಡ್ರೈವರ್. ಮೂವತ್ತೈದರ ಆಸುಪಾಸು, ಅಗಲ ಭುಜ, ಕುರ್ಚಿಯ ತುದಿಯಲ್ಲಿ ಕೂತ. ಮೂರು ವರ್ಷದವನಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಸಿಕ್ಕಿದ್ದನಂತೆ, ಬೆಳೆದದ್ದು ಅನಾಥಾಶ್ರಮದಲ್ಲಿ. ಆಗ ಕೊರಳಲ್ಲಿದ್ದ ಬಟ್ಟೆಚೀಲದ ಒಂದು ಫೋಟೋ ಈಗ ಅವನ ಕೈಯಲ್ಲಿತ್ತು. ಬಣ್ಣ ಮಾಸಿದ ಚಿತ್ರ: ಕಲ್ಲಿನ ಮೆಟ್ಟಿಲ ಮೇಲೆ ಚಡ್ಡಿ ಹಾಕಿದ ಮಗು, ಬಾಗಿಲ ಸಂದಿಯಲ್ಲಿ ಹೆಂಗಸಿನ ಒಂದು ಕೈ, ಮುಂದೆ ರಂಗೋಲಿ.

"ಅಮ್ಮಾ, ಆ ಕೈ ನಮ್ಮಮ್ಮಂದೇ ಇರಬೇಕು. ಬದುಕಿದ್ರೆ ಅರವತ್ತು ಆಗಿರುತ್ತೆ. ಬೇಗ ಹೇಳಿ."

ಟೀಚರ್ ನೋಡಿದರು. ರಂಗೋಲಿಯ ಎಳೆ ಯಾವ ಚುಕ್ಕಿಯನ್ನೂ ಮುಟ್ಟುತ್ತಿರಲಿಲ್ಲ, ಅದರ ಸುತ್ತ ಬಳಸಿ, ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಅಂಚಿಗೆ ಕೆಮ್ಮಣ್ಣಿನ ಪಟ್ಟಿ. ಒಂದು ಗುಬ್ಬಿ ಎಳೆಯನ್ನು ಕುಕ್ಕುತ್ತಿತ್ತು. ಕಲ್ಲುಪುಡಿಯನ್ನು ಯಾವ ಗುಬ್ಬಿ ತಿಂದೀತು? ಅಕ್ಕಿಹಿಟ್ಟೇ ಸೈ.

"ಹೊಳೆ ಕೆಳಗಿನ ಸೀಮೆ ಕಣಪ್ಪ" ಎಂದರು. ಅದು ಅವರ ತವರಿನ ಸೀಮೆ.

ಡ್ರೈವರ್ ಹೊಳೆ ಕೆಳಗೆ ಹೋದ. ಲೋಡು ಸಿಕ್ಕಾಗಲೆಲ್ಲ ಹೋದ, ಸಿಗದಿದ್ದಾಗ ರಜೆ ಹಾಕಿ ಹೋದ. ಎಂಟು ತಿಂಗಳು. ಅಲ್ಲಿ ಪ್ರತಿ ಬಾಗಿಲಲ್ಲೂ ಅದೇ ಎಳೆ, ಅದೇ ಕೆಮ್ಮಣ್ಣು. ಫೋಟೋ ತೋರಿಸಿದರೆ ಜನ ನಗುತ್ತಿದ್ದರು.

"ಸಾಸಿವೆ ರಾಶೀಲಿ ಸಾಸಿವೆ ಹುಡುಕಿದ ಹಾಗಾಯ್ತು ಟೀಚರ್" ಎಂದು ಫೋಟೋವನ್ನು ಮೇಜಿನ ಮೇಲಿಟ್ಟ. "ಇದು ನಿಮ್ಮ ಹತ್ರಾನೇ ಇರಲಿ. ನಂಗೆ ನೋಡೋಕಾಗಲ್ಲ."

ಅವನು ಹೋದ ಮೇಲೆ ಟೀಚರಿಗೆ ಊಟ ಸೇರಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ರಂಗೋಲಿಯನ್ನು ಬೇಕೆಂದೇ ಕೈಯಿಂದ ಮುಚ್ಚಿ, ಉಳಿದದ್ದನ್ನು ನೋಡಿದರು. ಮೆಟ್ಟಿಲು ಬೂದುಬಣ್ಣದ ಹಾಸುಗಲ್ಲು. ಹೊಳೆ ಕೆಳಗೆ ಇಟ್ಟಿಗೆ ಮೆಟ್ಟಿಲು, ಹಾಸುಗಲ್ಲು ಎಲ್ಲಿಂದ ಬರಬೇಕು? ಎಡಮೂಲೆಯಲ್ಲಿ, ಬೆರಳಗಲದಷ್ಟು, ಪಕ್ಕದ ಮನೆಯ ಬಾಗಿಲು. ಅದರ ಮುಂದೆಯೂ ರಂಗೋಲಿ ಇತ್ತು: ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ, ನಡುವೆ ಅರಿಸಿನ, ಹಸಿರು ಪುಡಿ ತುಂಬಿದ್ದು. ಹೊಳೆ ಮೇಲಿನವರ ಕೈ.

ಅಯ್ಯೋ ನನ್ನ ಕರ್ಮವೇ ಎಂದು ಹಣೆ ಚಚ್ಚಿಕೊಂಡರು. ರಂಗೋಲಿ ಹೇಳಿದ್ದು ಮನೆಯ ಊರನ್ನಲ್ಲ, ಹಾಕಿದವಳ ತವರನ್ನು. ಕೆಳಗಿನ ಹೆಣ್ಣು ಮೇಲಿನ ಸೀಮೆಗೆ ಸೊಸೆಯಾಗಿ ಬಂದಿದ್ದಳು. ಈ ಮಾತು ಲೋಕದಲ್ಲಿ ಯಾರಿಗೆ ಹೊಳೆಯದಿದ್ದರೂ ಚುಕ್ಕಿ ಟೀಚರಿಗೆ ಹೊಳೆಯಬೇಕಿತ್ತು. ಯಾಕೆಂದರೆ ಅವರೂ ಹಾಗೇ ಬಂದವರು.

ಮದುವೆಯಾಗಿ ಬಂದ ಮರುದಿನ ಬೆಳಗ್ಗೆ ಅವರೂ ಬಾಗಿಲಲ್ಲಿ ತವರಿನ ಎಳೆ ಹಾಕಿದ್ದರು. ಅತ್ತೆ ಹೊರಗೆ ಬಂದು, ನೋಡಿ, ಒಂದು ಬಿಂದಿಗೆ ನೀರು ಸುರಿದಿದ್ದರು. "ನಮ್ಮ ಕಡೆ ಹೀಗೆ ಹಾಕಲ್ಲ ಕಣಮ್ಮ." ಬೈಗುಳವಲ್ಲ, ಅಷ್ಟೇ ಮಾತು. ಹತ್ತೊಂಬತ್ತರ ಹುಡುಗಿ ಆವತ್ತೇ ನೇರ ಗೆರೆ ಕಲಿತಳು. ಅತ್ತೆ ತೀರಿಕೊಂಡ ಮೇಲೂ ನೇರ ಗೆರೆಯೇ. ಅವರ ಮನೆ ಬಾಗಿಲ ಫೋಟೋ ತೆಗೆದಿದ್ದರೆ, ಒಳಗಿರುವವಳು ಹೊಳೆ ಕೆಳಗಿನವಳು ಎಂದು ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಎಲ್ಲ ಸೊಸೆಯಂದಿರೂ ತಮ್ಮ ಹಾಗೆಯೇ ಸುಮ್ಮನಾಗುತ್ತಾರೆ ಎಂದುಕೊಂಡುಬಿಟ್ಟಿದ್ದರು.

ಡ್ರೈವರಿಗೆ ಫೋನ್ ಮಾಡಿದರು. "ತಪ್ಪು ನಂದು ಕಣಪ್ಪ. ಎಂಟು ತಿಂಗಳು ನಿನ್ನ ಅಲೆಸಿದೆ. ಇನ್ನೊಂದು ಸಲ ಕೇಳ್ತೀಯಾ?"

ಅವನು ಲಾರಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದ. ಆಮೇಲೆ, "ಹೇಳಿ" ಎಂದ.

"ಮೇಲಿನ ಸೀಮೇಲಿ ಹಾಸುಗಲ್ಲಿನ ಕ್ವಾರಿ ಇರೋ ಊರುಗಳಿಗೆ ಹೋಗು. ಫೋಟೋ ಇಲ್ಲಿಂದ ತಗೊಂಡು ಹೋಗು, ಆದ್ರೆ ಆಮೇಲೆ ತೋರಿಸು. ಮೊದಲು ವಯಸ್ಸಾದ ಹೆಂಗಸರನ್ನ ಕೇಳು, ನಿಮ್ಮ ಬೀದೀಲಿ ಸುತ್ತೋ ಎಳೆ ರಂಗೋಲಿ ಹಾಕೋ ಸೊಸೆ ಇದ್ಲಾ ಅಂತ. ಅಲ್ಲಿ ಯಾರೂ ಹಾಗೆ ಹಾಕಲ್ಲ. ಹಾಕಿದವಳನ್ನ ಮರೆತಿರಲ್ಲ."

ಕ್ವಾರಿ ಊರುಗಳು ಏಳು. ಐದನೆಯದರಿಂದ ಫೋನ್ ಬಂತು. ಟೀಚರ್ ಆಗ ಅಕ್ಕಿ ತೊಳೆಯುತ್ತಿದ್ದರು, ಒದ್ದೆ ಕೈಯಲ್ಲೇ ಎತ್ತಿದರು.

"ಬೀದಿ ಸಿಕ್ತು ಟೀಚರ್. ಅದೇ ಮೆಟ್ಟಿಲು. ಅಮ್ಮ ಸಿಗಲಿಲ್ಲ. ಹೋಗಿ ಆರು ವರ್ಷ ಆಯ್ತಂತೆ. ಅಪ್ಪ ಅದಕ್ಕೂ ಮುಂಚೆ."

ಎಂಟು ತಿಂಗಳು ಮೊದಲಾಗಿದ್ದರೂ ಸಿಗುತ್ತಿರಲಿಲ್ಲ ಎಂದು ಟೀಚರ ಮನಸ್ಸು ಲೆಕ್ಕ ಹಾಕಿತು. ಹಾಕಿದ್ದಕ್ಕೆ ಅವರಿಗೇ ನಾಚಿಕೆಯಾಯಿತು.

"ಪಕ್ಕದ ಮನೆ ಅಜ್ಜಿ ಇದಾರೆ. ಸುತ್ತೋ ರಂಗೋಲಿ ಅಂದ ತಕ್ಷಣ ಅತ್ತುಬಿಟ್ರು. ಅಮ್ಮನ ಅತ್ತೆ ದಿನಾ ನೀರು ಹಾಕಿ ತೊಳೆಯೋಳಂತೆ. ಅಮ್ಮ ದಿನಾ ಮತ್ತೆ ಹಾಕೋಳಂತೆ. ವರ್ಷಗಟ್ಟಲೆ! ಕೊನೆಗೆ ಅತ್ತೆಗೇ ಸುಸ್ತಾಗಿ ಬಿಟ್ಟುಬಿಟ್ಲಂತೆ." ಅವನು ಮೂಗೊರೆಸಿಕೊಂಡ. "ನಾನು ಕಳೆದುಹೋದ ಮೇಲೂ ಅಮ್ಮ ಬಿಡಲಿಲ್ಲವಂತೆ. ಮಗ ಬಂದ್ರೆ ಬಾಗಿಲು ಗುರುತು ಸಿಗಬೇಕಲ್ಲ ಅನ್ನೋಳಂತೆ."

ಫೋನಿಟ್ಟ ಮೇಲೆ ಟೀಚರ್ ಅಡುಗೆಮನೆಯ ನೆಲದ ಮೇಲೆಯೇ ಕೂತರು. ಅನ್ನ ಮಾಡಲಿಲ್ಲ.

ಮರುದಿನ ಬೆಳಗ್ಗೆ ಅವರು ಅಕ್ಕಿಹಿಟ್ಟಿನ ಡಬ್ಬಿ ಹಿಡಿದು ಫ್ಲ್ಯಾಟಿನ ಬಾಗಿಲು ತೆಗೆದರು. ಮುಂದೆ ಕಾರಿಡಾರ್, ನುಣ್ಣನೆ ಟೈಲ್ಸ್, ಎದುರುಬದುರು ನಾಲ್ಕು ಬಾಗಿಲು, ನಾಲ್ಕಕ್ಕೂ ಬೀಗ ಹಾಕಿದಂತಹ ಮೌನ. ಮೊಣಕಾಲು ನೋಯುತ್ತಿತ್ತು. ಐದು ಸಾಲು ಚುಕ್ಕಿ ಇಟ್ಟರು. ಎಳೆ ಶುರುಮಾಡಿದರು. ನಲವತ್ತೈದು ವರ್ಷದಿಂದ ಹಾಕದ ಕೈ ಮೂರನೆಯ ತಿರುವಿನಲ್ಲಿ ದಾರಿ ತಪ್ಪಿತು. ಒರೆಸಿ ಮತ್ತೆ ಹಾಕಿದರು. ನಾಲ್ಕನೆಯ ಸಲಕ್ಕೆ ಎಳೆ ಹೊರಟಲ್ಲಿಗೆ ಬಂತು.

ಮಾಪ್ ಹಿಡಿದ ಕ್ಲೀನಿಂಗ್ ಹೆಂಗಸು ಲಿಫ್ಟಿನಿಂದ ಇಳಿದಳು. "ಇದೇನ್ರಮ್ಮಾ? ಇಲ್ಲೆಲ್ಲ ಹೀಗೆ ಹಾಕಬಾರದು. ಒರೆಸ್ಲಾ?"

"ಒರೆಸಮ್ಮ, ನಿನ್ನ ಕೆಲಸ ಅದು" ಎಂದರು ಟೀಚರ್. "ನಾಳೆ ಮತ್ತೆ ಹಾಕ್ತೀನಿ. ಐದು ನಿಮಿಷ ತಾಳು, ಒಂದು ಫೋಟೋ ತಗೋತೀನಿ."

ತೆಗೆದರು. ಯಾರಿಗೆ ಕಳಿಸುವುದು? ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಸರಿಸಿ ನೋಡಿ, ಕೊನೆಗೆ ಡ್ರೈವರಿಗೇ ಕಳಿಸಿದರು. ಅವನ ಉತ್ತರ ತಕ್ಷಣ ಬಂತು: "ಯಾವ ಊರಿಂದು ಟೀಚರ್ ಇದು? ಯಾರು ತಂದಿದ್ದು?"

ಟೀಚರ್ ತವರಿನ ಹೆಸರು ಬರೆದು ಅಳಿಸಿದರು. ಗಂಡನ ಊರಿನ ಹೆಸರು ಬರೆದು ಅದನ್ನೂ ಅಳಿಸಿದರು. ಹಿಂದೆ ಮಾಪಿನ ಬಕೆಟ್ಟು ಕಿರುಗುಟ್ಟಿತು.

"ಊರು ಬಿಡಪ್ಪ" ಎಂದು ಬರೆದರು. "ಹಾಕಿದ್ದು ನಾನು."