ಗಣಪತಿ ಪಕ್ಕ ಎಡಕ್ಕೆ

ಭಾವನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಚಾಮರಾಜಪೇಟೆಯ ನಮ್ಮ ಮನೆಗೆ ಹತ್ತಿರವಿದ್ದ ಒಂದು ಹಳೇ ಟ್ರಸ್ಟ್ ಆಸ್ಪತ್ರೆಯಲ್ಲಿ ಮಾಡಿಸುತ್ತಿದ್ದೆವು. ಒಂದು ದಿನ ಭಾವನನ್ನು ಮೆಷಿನ್ನಿಗೆ ಹಾಕಿದ ಮೇಲೆ ನರ್ಸ್ ನಮ್ಮಕ್ಕನ ಕೈಗೆ ಚೀಟಿ ಕೊಟ್ಟು, ಬ್ಲಡ್ ಟೆಸ್ಟ್ ರಿಪೋರ್ಟ್ ತಂದುಬಿಡಿ ಅಂದರಂತೆ. ಅಕ್ಕ ಹೋದಳು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಲ್ಯಾಬ್ ಎಂದಿತ್ತು, ನರ್ಸ್ ಬಾಯಲ್ಲಿ ಬ್ಲಡ್ ಟೆಸ್ಟ್ ಎಂದಿತ್ತು, ಗೋಡೆಯ ಮೇಲೆ 'ರೋಗನಿದಾನ ಪ್ರಯೋಗಶಾಲೆ' ಎಂದಿತ್ತು. ಮೂರೂ ಒಂದೇ ಎಂದು ಅವಳಿಗೆ ಯಾರು ಹೇಳಬೇಕು? ಬಲಕ್ಕೆ ತಿರುಗಿದಳು, ಮೆಟ್ಟಿಲಿಳಿದಳು, ಇನ್ನೊಂದು ಬಾಗಿಲು ನೂಕಿದಳು. ತಲೆಯೆತ್ತಿ ನೋಡಿದರೆ ಎದುರಿಗೆ ದೊಡ್ಡ ಅಕ್ಷರದಲ್ಲಿ 'ಶವಾಗಾರ'. ಇಡೀ ಆಸ್ಪತ್ರೆಯಲ್ಲಿ ಯಾರಿಗೂ ಅನುಮಾನ ಬಾರದಂತೆ ಬರೆದಿದ್ದ ಬೋರ್ಡ್ ಅದೊಂದೇ.

ಗಂಡ ಮೇಲೆ ಮೆಷಿನ್ನಿನಲ್ಲಿರುವಾಗ ಹೆಂಡತಿ ಆ ಬಾಗಿಲ ಮುಂದೆ ನಿಂತರೆ ಏನಾಗಬೇಡ. ಸಂಜೆ ಮನೆಗೆ ಬಂದವಳೇ ತಲೆಗೆ ಸ್ನಾನ ಮಾಡಿ, ದೇವರ ಮುಂದೆ ತುಪ್ಪದ ದೀಪ ಹಚ್ಚಿ, ನನಗೆ ಹೇಳಿದಳು: "ನಾನಿನ್ನು ಒಬ್ಳೇ ಆ ಆಸ್ಪತ್ರೆಗೆ ಕಾಲಿಡಲ್ಲ ಕಣೆ. ನೀನು ಬಂದ್ರೆ ಬರ್ತೀನಿ."

ನಾನು ಹೋದೆ. ಅನುವಾದ ನನ್ನ ಕಸುಬು, ಕೆಲಸವೆಲ್ಲ ಮನೆಯಲ್ಲೇ, ಎಲ್ಲಿ ಕೂತು ಬರೆದರೇನು. ಆದರೆ ನನಗೊಮ್ಮೆ ಜ್ವರ ಬಂತು. ಆ ದಿನ ಅಕ್ಕ ಹೊಸ್ತಿಲು ದಾಟಲಿಲ್ಲ, ಭಾವನ ಡಯಾಲಿಸಿಸ್ ತಪ್ಪಿತು. ಮಾರನೆಯ ದಿನ ಅವರ ಕಾಲು ಊದಿತ್ತು, ಉಸಿರಿಗೆ ಕಷ್ಟಪಡುತ್ತಿದ್ದರು. ಜ್ವರದಲ್ಲೇ ಎದ್ದು ಆಟೋ ಹಿಡಿದು ಕರೆದುಕೊಂಡು ಹೋದೆ. ದಾರಿಯಲ್ಲಿ ಭಾವ ಮೆತ್ತಗೆ ಹೇಳಿದರು: "ನಿಮ್ಗೆಲ್ಲಾ ಎಷ್ಟು ತೊಂದ್ರೆ. ವಾರಕ್ಕೆ ಎರಡು ಸಲ ಮಾಡಿಸ್ಕೊಂಡ್ರೆ ಸಾಲ್ದಾ?"

ಸಾಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನನಗೆ ಅಕ್ಕನ ಮೇಲೆ ಬರಬೇಕಾದ ಸಿಟ್ಟು ಆ ಬೋರ್ಡುಗಳ ಮೇಲೆ ಬಂತು.

ನನ್ನ ಸಿಟ್ಟು ಸುಮ್ಮನೆ ಕೂರುವ ಜಾತಿಯದಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿಯ ಕೋಣೆಗೆ ಹೋಗಿ ಒಂದು ಗಂಟೆ ಜಗಳವಾಡಿದೆ. ಅವರು ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಮೇಡಂ, ಹೊಸ ಬೋರ್ಡ್ ಮಾಡಿಸ್ತಾ ಇದೀವಿ. ಕನ್ನಡ, ಹಿಂದಿ, ಇಂಗ್ಲಿಷ್, ಮೂರರಲ್ಲೂ. ಬೈಯೋ ಬದ್ಲು ನೀವೇ ಸಮಿತಿಗೆ ಬಂದ್ಬಿಡಿ" ಅಂದರು. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದ ಹಾಗಾಯಿತು, ಪಾಪ ಅವರಿಗೆ.

ಸಮಿತಿ ಎಂದರೆ ನಾಲ್ಕು ಜನ. ಆಡಳಿತಾಧಿಕಾರಿ, ಕನ್ನಡಕ್ಕೆ ಟ್ರಸ್ಟಿನ ಹಿರಿಯರಾದ ಬಸವನಗುಡಿಯ ಒಬ್ಬ ನಿವೃತ್ತ ಪ್ರೊಫೆಸರು, ಹಿಂದಿಗೆ ಮಲ್ಲೇಶ್ವರದ ಒಬ್ಬ ಹಿಂದಿ ಮೇಷ್ಟ್ರು, ಡಾಕ್ಟರುಗಳ ಪರವಾಗಿ ಭಾವನನ್ನು ನೋಡುತ್ತಿದ್ದ ಕಿಡ್ನಿ ಡಾಕ್ಟರಮ್ಮ. ಐದನೆಯವಳು ನಾನು. ಹಿರಿಯರು ಆಗಲೇ ಹೆಸರುಗಳನ್ನು ಸಿದ್ಧಪಡಿಸಿದ್ದರು. ನೆಫ್ರಾಲಜಿಗೆ 'ಮೂತ್ರಪಿಂಡಶಾಸ್ತ್ರ ವಿಭಾಗ'. ಯೂರಾಲಜಿಗೆ 'ಮೂತ್ರಾಂಗಶಾಸ್ತ್ರ ವಿಭಾಗ'. ಎರಡೂ ಎದುರುಬದುರು ಕಾರಿಡಾರುಗಳು, ಓಡುವವರ ಕಣ್ಣಿಗೆ ಎರಡೂ ಒಂದೇ. ಎಕ್ಸ್-ರೇ, ಸ್ಕ್ಯಾನಿಂಗ್ ಮಾಡುವ ಜಾಗಕ್ಕೆ 'ವಿಕಿರಣಶಾಸ್ತ್ರ ವಿಭಾಗ'. ಹಿಂದಿ ಮೇಷ್ಟ್ರು ಹಿಂದೆ ಬೀಳಲಿಲ್ಲ, ಕಿಡ್ನಿಗೆ 'ವೃಕ್ಕ ವಿಜ್ಞಾನ್' ಎಂದು ಬರೆದಿದ್ದರು.

"ಶಬ್ದಗಳೇನೋ ಚೆನ್ನಾಗಿವೆ ಸಾರ್" ಅಂದೆ. "ಆದ್ರೆ ಕಾಯಿಲೆಯವರಿಗೆ ನಾವು ಪರೀಕ್ಷೆ ಇಡ್ತಾ ಇಲ್ಲ, ದಾರಿ ತೋರಿಸ್ತಾ ಇದೀವಿ. ಕಿಡ್ನಿ ಅಂತಲೇ ಬರೆಯೋಣ."

ಹಿರಿಯರು ಕನ್ನಡಕ ಸರಿಮಾಡಿಕೊಂಡರು. "ಕನ್ನಡದಲ್ಲಿ ಶಬ್ದ ಇರುವಾಗ ಕಿಡ್ನಿ ಅಂತ ಬರೆದ್ರೆ ನಾಳೆ ನಮ್ಮನ್ನ ಯಾರೂ ಕ್ಷಮಿಸಲ್ಲಮ್ಮ."

"ಶಬ್ದ ಪುಸ್ತಕದಲ್ಲಿ ಇರ್ಲಿ ಸಾರ್, ಓಡಿಹೋಗಲ್ಲ. ಕಾರಿಡಾರಿನಲ್ಲಿ ನಿಂತಿರೋಳು ನಮ್ಮಕ್ಕ."

ಜಗಳ ಮುಗಿಯಲಿಲ್ಲ. ಡಾಕ್ಟರಮ್ಮ ಬುದ್ಧಿವಂತಿಕೆಯ ಮಾತಾಡಿದರು: ತಗಡಿನ ಬೋರ್ಡ್ ಮಾಡಿಸುವ ಮೊದಲು ಕಾಗದದಲ್ಲಿ ಬರೆದು ಅಂಟಿಸಿ ನೋಡೋಣ. ಒಂದು ಕಾರಿಡಾರಿನಲ್ಲಿ ಹಿರಿಯರು ಕೊಟ್ಟ ಹೆಸರುಗಳು, ಇನ್ನೊಂದರಲ್ಲಿ ನಾನು ಹೇಳುವ ಆಡುಮಾತಿನವು. ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಸರಾಗವಾಗಿ ನಡೆಯುತ್ತಾರೆ ನೋಡೋಣ.

ಗೆದ್ದೇಬಿಟ್ಟೆ ಅಂದುಕೊಂಡು ಕಾಗದ ಅಂಟಿಸಿದ ದಿನ ಬೆಳಿಗ್ಗೆಯೇ ಹೋಗಿ ಮೂಲೆಯಲ್ಲೊಂದು ಕುರ್ಚಿ ಹಾಕಿಕೊಂಡು ಕೂತೆ. ಹಿರಿಯರ ಕಾರಿಡಾರಿನಲ್ಲಿ ಜನ ಕಕ್ಕಾಬಿಕ್ಕಿಯಾದದ್ದು ನಿಜ. ಆದರೆ ನನ್ನ ಕಾರಿಡಾರಿನಲ್ಲೂ ಅದೇ ಕಥೆ. ಒಬ್ಬರೂ ತಲೆಯೆತ್ತಿ ಓದಲಿಲ್ಲ. ನಮ್ಮೂರಿನಲ್ಲಿ ಬೋರ್ಡ್ ಓದುವುದು ಎರಡನೆಯ ಮಾತು. ಮೊದಲು ಯಾರನ್ನಾದರೂ ಕೇಳಬೇಕು. ಹಾಗೆ ಕೇಳಿದವರಿಗೆ ಸೆಕ್ಯೂರಿಟಿಯವರು, ಆಯಾಗಳು, ನರ್ಸುಗಳು ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು: "ಗಣಪತಿ ಹತ್ರ ಹೋಗಿ, ಅಲ್ಲಿಂದ ಎಡಕ್ಕೆ." "ಗಣಪತಿ ದಾಟಿ ಸೀದಾ."

ಲಿಫ್ಟಿನ ಪಕ್ಕದಲ್ಲಿ ಒಂದು ಪುಟ್ಟ ಗಣಪತಿಯ ಗೂಡಿತ್ತು. ಆಪರೇಷನ್ನಿಗೆ ಹೋಗುವವರೆಲ್ಲ ಅಲ್ಲಿ ಒಂದು ಕ್ಷಣ ನಿಂತು ಕೈಮುಗಿದೇ ಹೋಗುವ ಪದ್ಧತಿ. ಬುರ್ಖಾ ಹಾಕಿದ ಹೆಂಗಸೊಬ್ಬಳು ತನ್ನ ತಮ್ಮನಿಗೆ ಫೋನಿನಲ್ಲಿ, "ಗಣಪತಿ ಕೆ ಪಾಸ್ ಆಜಾ" ಅಂದದ್ದನ್ನು ನಾನೇ ಕೇಳಿದೆ. ಇಡೀ ಆಸ್ಪತ್ರೆಯ ನಾಲ್ಕು ದಾರಿಗಳು ಸೇರುವ ಜಾಗ ಅದು. ನಮ್ಮ ನಕ್ಷೆಯಲ್ಲಿ ಮಾತ್ರ ಅವನಿಲ್ಲ. ಡಿಪಾರ್ಟ್‌ಮೆಂಟ್ ಅಲ್ಲ ಎಂದು ನಾವು ಐವರೂ ಸೇರಿ ವಿಘ್ನೇಶ್ವರನನ್ನೇ ಬಿಟ್ಟುಬಿಟ್ಟಿದ್ದೆವು. ಕೆಲಸ ಮುಂದೆ ಹೋಗುವುದಾದರೂ ಹೇಗೆ?

ಮುಂದಿನ ಸಭೆಗೆ ಹೊಸ ಕರಡು ಒಯ್ದೆ. ಕನ್ನಡ ಮೇಲೆ, ದೊಡ್ಡದಾಗಿ 'ಕಿಡ್ನಿ ವಿಭಾಗ'. ಹಿಂದಿಯಲ್ಲಿ 'ಕಿಡ್ನೀ ವಿಭಾಗ್'. ಇಂಗ್ಲಿಷಿನಲ್ಲೂ ಜನರ ಮಾತೇ, ಕಿಡ್ನಿ ಕೇರ್. ಕೆಳಗೆ ಸಣ್ಣದಾಗಿ ನೆಫ್ರಾಲಜಿ, ಏಕೆಂದರೆ ಬೇರೆ ಡಾಕ್ಟರುಗಳ ಚೀಟಿಯಲ್ಲಿ ಅದೇ ಇರುತ್ತದೆ. ಯೂರಾಲಜಿಗೆ 'ಮೂತ್ರದ ತೊಂದರೆ, ಕಿಡ್ನಿ ಕಲ್ಲು'. ಲ್ಯಾಬಿಗೆ 'ರಕ್ತ ಪರೀಕ್ಷೆ'. ಪ್ರತಿ ಜಾಗಕ್ಕೂ ಒಂದು ದೊಡ್ಡ ಅಂಕಿ. ಅದೇ ಅಂಕಿಯನ್ನು ಚೀಟಿ ಬರೆಯುವವರು ಚೀಟಿಯ ಮೇಲೂ ಬರೆಯಬೇಕು, ನರ್ಸ್ ಬಾಯಲ್ಲೂ ಹೇಳಬೇಕು. ದಾರಿ ಒಡೆಯುವ ಪ್ರತಿ ತಿರುವಿನಲ್ಲೂ ಬಾಣ, ಹೆಸರು ಎಲ್ಲಿಯೂ ಬದಲಾಗಕೂಡದು. ಶವಾಗಾರದ ಬೋರ್ಡ್ ಜನ ಓಡಾಡುವ ದಾರಿಯಲ್ಲಿ ಬೇಡವೇ ಬೇಡ. ಅಲ್ಲಿಗೆ ಹೋಗಬೇಕಾದವರನ್ನು ಸಿಬ್ಬಂದಿಯೇ ಕೈಹಿಡಿದು ಕರೆದುಕೊಂಡು ಹೋಗಲಿ. ಎಲ್ಲಕ್ಕಿಂತ ಮೊದಲು, ಬಾಗಿಲಿನಿಂದಲೇ ಮೂರು ಭಾಷೆಯಲ್ಲಿ, ಚಿತ್ರದ ಸಮೇತ: 'ಗಣಪತಿ'.

ಡಾಕ್ಟರಮ್ಮ ಸ್ವಲ್ಪ ಮುಖ ಸಿಂಡರಿಸಿದರು, "ಕಿಡ್ನಿ ಕೇರ್ ಅಂದ್ರೆ ಅಂಗಡಿ ಹೆಸರಿನ ಹಾಗಿದೆ" ಎಂದು. ಆಮೇಲೆ, "ಇರ್ಲಿ ಬಿಡಿ, ನಮ್ಮತ್ತೆಗೂ ನಾನು ಕಿಡ್ನಿ ಡಾಕ್ಟರ್ ಅಂತಲೇ ಹೇಳ್ಕೊಳೋದು" ಎಂದು ನಕ್ಕರು. ಹಿಂದಿ ಮೇಷ್ಟ್ರು ವೃಕ್ಕವನ್ನು ತಾವೇ ಹೊಡೆದು ಹಾಕಿದರು. ಬಿಹಾರದಿಂದ ಬಂದಿದ್ದ ರೋಗಿಯ ಅಣ್ಣನೊಬ್ಬ ಅವರನ್ನೇ ಕೇಳಿದ್ದನಂತೆ, ಅದು ಯಾವ ಭಾಷೆ ಎಂದು. ಉಳಿದವರು ಹಿರಿಯರು.

"ಮಿಕ್ಕಿದ್ದೆಲ್ಲಾ ಒಪ್ಪಿದೆ" ಅಂದರು. "ಆದ್ರೆ ದೇವರನ್ನ ದಾರಿಗಲ್ಲು ಮಾಡೋದು ಸರಿಯಲ್ಲ. ಇದು ಆಸ್ಪತ್ರೆ. ಬೋರ್ಡಿಗೊಂದು ಶಿಸ್ತು ಬೇಕು. ಗಣಪತಿ ಅನ್ನೋದು ಒಂದು ವಿಳಾಸವೇನಮ್ಮ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಹೆಂಡತಿ. ಕಣ್ಣು ತೋರಿಸಲು ಬಂದಿದ್ದರಂತೆ, ಎಲ್ಲಿ ಸಿಗುತ್ತೀರಿ ಎಂದು ಕೇಳಿದರೆಂದು ಕಾಣುತ್ತದೆ. ಹಿರಿಯರು ದನಿ ತಗ್ಗಿಸಿ ಹೇಳಿದರು: "ಮೀಟಿಂಗ್‌ನಲ್ಲಿದೀನಿ ಕಣೆ. ಎಲ್ಲೂ ಹೋಗ್ಬೇಡ, ಗಣಪತಿ ಹತ್ರ ನಿಂತಿರು, ಬಂದೆ."

ಹಿರಿಯರು ಫೋನನ್ನು ಜೇಬಿಗೆ ಹಾಕಿಕೊಂಡು ನಮ್ಮ ಮುಖಗಳನ್ನು ನೋಡಿದರು. ಮೊದಲು ನಕ್ಕವರು ಅವರೇ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡರು, ಪೆನ್ನು ತೆಗೆದು ಕರಡಿನ ಕೆಳಗೆ ಸಹಿ ಹಾಕಿದರು. "ಹೋಗಮ್ಮ, ಆ ಬೋರ್ಡ್ ಎಲ್ಲಕ್ಕಿಂತ ದೊಡ್ಡದಾಗಿ ಮಾಡ್ಸು." ನನಗೆ ಕುಣಿಯಬೇಕು ಅನ್ನಿಸಿತು. ಮೊಣಕಾಲು ನೋವಿಲ್ಲದಿದ್ದರೆ ಕುಣಿದೂ ಬಿಡುತ್ತಿದ್ದೆ.

ಬೋರ್ಡುಗಳು ಬಂದವು. ಬಿಳಿಯ ಮೇಲೆ ಕಡುನೀಲಿ ಅಕ್ಷರ, ಮುದುಕರ ಕಣ್ಣಿಗೂ ದೂರದಿಂದ ಕಾಣುವಷ್ಟು ದಪ್ಪ. ನಾನು ಮೂರೂ ಭಾಷೆಯಲ್ಲಿ ಪ್ರತಿಯೊಂದನ್ನೂ ಓದಿ, ಬಾಣದ ದಿಕ್ಕನ್ನು ನಡೆದೇ ನೋಡಿ ಒಪ್ಪಿಕೊಂಡೆ. ಹೊರಗಿನವರಿಗೆಲ್ಲ ದಾರಿ ಸಲೀಸಾಯಿತು. ಆದರೆ ನನಗೆ ಬೇಕಾಗಿದ್ದದ್ದು ಒಬ್ಬಳ ಒಪ್ಪಿಗೆ. ಅಕ್ಕ ಈಗಲೂ ನನ್ನ ಕೈ ಬಿಡುತ್ತಿರಲಿಲ್ಲ.

ಒಂದು ದಿನ ಭಾವ ಮೆಷಿನ್ನಿನಲ್ಲಿದ್ದಾಗ ನರ್ಸ್ ಮತ್ತೆ ಅದೇ ರಕ್ತದ ಚೀಟಿ ತಂದರು. ಮೇಲೆ ಏಳು ಎಂಬ ಅಂಕಿ ಇತ್ತು. ನಾನು ಕಾಲು ನೋವು ಜಾಸ್ತಿಯಾಗಿದೆ, ಏಳಲಾರೆ ಎಂದು ನಾಟಕವಾಡಿದೆ. ಅಕ್ಕ ನನ್ನನ್ನು ನೋಡಿದಳು, ಭಾವನನ್ನು ನೋಡಿದಳು. ಭಾವ, "ಬೇಡ ಬಿಡೆ, ಆಮೇಲೆ ತಂದ್ರಾಯ್ತು" ಅಂದರು. ಆ ಮಾತು ಅವಳಿಗೆ ಚುಚ್ಚಿರಬೇಕು. ಸೆರಗು ಸಿಕ್ಕಿಸಿಕೊಂಡು ಎದ್ದು ಹೋದಳು.

ಹೋದವಳು ಬರಲೇ ಇಲ್ಲ. ಭಾವ ಬಾಗಿಲನ್ನೇ ನೋಡುತ್ತಿದ್ದರು. ಶವಾಗಾರಕ್ಕೆ ಇಳಿಯುವ ಆ ಮೆಟ್ಟಿಲು ನನ್ನ ಕಣ್ಣ ಮುಂದೆ ಬಂತು. ತಡೆಯಲಾರದೆ ಎದ್ದು ಓಡಿದೆ.

ಅಕ್ಕ ಗಣಪತಿಯ ಮುಂದೆ ನಿಂತಿದ್ದಳು. ಕಂಕುಳಲ್ಲಿ ರಿಪೋರ್ಟು. ಎದುರಿಗೆ ಗಾಬರಿಯಾಗಿ ಅಳುತ್ತಿದ್ದ ಒಬ್ಬಳು ಉತ್ತರದ ಕಡೆಯ ಹುಡುಗಿ. ಜನ್ಮದಲ್ಲಿ ಹಿಂದಿ ಮಾತಾಡದ ನನ್ನ ಅಕ್ಕ ಅವಳ ಚೀಟಿ ಹಿಡಿದು, ಬೋರ್ಡಿನ ಹಿಂದಿ ಸಾಲಿಗೆ ಬೆರಳಿಟ್ಟು, ಅಂಕಿ ತೋರಿಸಿ ಹೇಳುತ್ತಿದ್ದಳು: "ರೋನಾ ನೈ ಮಗಾ. ಏ ದೇಖೋ, ನಾಲ್ಕು. ಗಣಪತಿ ಬಾಜೂ, ಎಡಕ್ಕೆ. ಜಾವ್, ಜಾವ್." ಹುಡುಗಿ ಬೋರ್ಡ್ ನೋಡಿದಳು, ಕಣ್ಣೊರೆಸಿಕೊಂಡಳು, ಸರಿಯಾಗಿ ಎಡಕ್ಕೇ ಹೋದಳು.

ಅಕ್ಕ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕಾಲ್ನೋವು ಅಂದೆ?"

"ಕಡ್ಮೆ ಆಯ್ತು."

"ಆಗುತ್ತೆ, ಆಗುತ್ತೆ. ನಾಳಿದ್ದಿಂದ ನೀನು ಬರ್ಬೇಡ ಕಣೆ, ಮನೇಲಿ ಕೂತು ಬರ್ಕೋ. ನಾವಿಬ್ರೇ ಬರ್ತೀವಿ."

ಗಣಪತಿಗೆ ಕೈಮುಗಿದು, ನನಗಿಂತ ಮುಂದೆ ಮುಂದೆ ನಡೆದು ಹೋದಳು. ದಾರಿಯಲ್ಲಿ ಒಂದು ಬೋರ್ಡನ್ನೂ ಅವಳು ತಲೆಯೆತ್ತಿ ನೋಡಲಿಲ್ಲ.