ಬಿಲ್ಲಿನ ಮೊದಲ ಎರಡು ಅಂಕಿ

ಉಡುಪಿಯ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ನಾನು ಏಳು ವರ್ಷದಿಂದ ಜಿಎಸ್‌ಟಿ ಕೆಲಸ ಮಾಡುತ್ತಿದ್ದೇನೆ. ಕೆಲಸಕ್ಕೆ ಸೇರಿದ ದಿನವೇ ಸರ್ ಒಂದು ಬಿಲ್ಲು ನನ್ನ ಮುಂದಿಟ್ಟು, ಅಂಗಡಿಯ ಹೆಸರನ್ನು ಕೈಯಿಂದ ಮುಚ್ಚಿ, ಇದು ಎಲ್ಲಿಯದು ಎಂದು ಕೇಳಿದ್ದರು. ಹದಿನೈದು ಅಕ್ಷರಗಳ ಜಿಎಸ್‌ಟಿ ನಂಬರಿನಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಆಮೇಲಿನ ಹತ್ತು ಪ್ಯಾನ್ ನಂಬರು ಎಂದು ಅವರೇ ಹೇಳಿಕೊಟ್ಟರು. ಕರ್ನಾಟಕ ಇಪ್ಪತ್ತೊಂಬತ್ತು, ಕೇರಳ ಮೂವತ್ತೆರಡು, ಗೋವಾ ಮೂವತ್ತು. ಬೋರ್ಡು ಏನು ಬೇಕಾದರೂ ಹೇಳಲಿ, ನೀನು ಮೊದಲು ಅಂಕಿ ನೋಡು ಎಂದಿದ್ದರು. ಆಫೀಸಿಗೆ ಹೊಸಬರು ಬಂದರೆ ಇದೇ ಪಾಠವನ್ನು ನಾನು ದೊಡ್ಡ ಜನದಂತೆ ಒಪ್ಪಿಸುತ್ತಿದ್ದೆ.

ಅಪ್ಪನಿಗೆ ಮಗಳ ಈ ಕೆಲಸದ ಮೇಲೆ ಎಲ್ಲಿಲ್ಲದ ಹೆಮ್ಮೆ. ಅವರು ಬದುಕಿಡೀ ಹೋಟೆಲಿನ ಗಲ್ಲೆಯಲ್ಲಿ ಕೂತವರು. ಎಲ್ಲಿ ಒಂದು ಚಹಾ ಕುಡಿದರೂ ಬಿಲ್ಲಿನ ಫೋಟೋ ಹೊಡೆದು ನನಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಟ್ಯಾಕ್ಸ್ ಸರಿಯಾಗಿ ಹಾಕಿದ್ದಾರಾ ಎಂದು ನಾನು ನೋಡಿ ಹೇಳಬೇಕು. ಎರಡು ವರ್ಷದಿಂದ ಅವರಿಗೆ ಮರೆವು ಶುರುವಾಗಿತ್ತು. ಔಷಧಿ ನುಂಗಿದ್ದು ಮರೆಯುತ್ತಿದ್ದರು, ಅಣ್ಣನ ಮಕ್ಕಳ ಹೆಸರು ಮರೆಯುತ್ತಿದ್ದರು, ಬಿಲ್ಲು ಕಳಿಸುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ನಾನು ಕೆಲಸದ ಗಡಿಬಿಡಿಯಲ್ಲಿ ಫೋಟೋ ತೆರೆಯದೆಯೇ ‘ಸರಿ ಉಂಟು’ ಎಂದು ಬರೆದುಬಿಡುತ್ತಿದ್ದೆ.

ಒಂದು ಗುರುವಾರ ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು ಬರುತ್ತೇನೆಂದು ಕಟಪಾಡಿ ಪೇಟೆಗೆ ಹೋದ ಅಪ್ಪ ಮಧ್ಯಾಹ್ನವಾದರೂ ಮನೆಗೆ ಬರಲಿಲ್ಲ. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಕ್ಷೌರದವನು ಅವರನ್ನು ಕಂಡೇ ಇರಲಿಲ್ಲ. ರಿಕ್ಷಾದವರು ಬಸ್ಸಿನ ಹತ್ತಿರ ನೋಡಿದೆವು ಅಂದರು, ಯಾವ ಕಡೆಯ ಬಸ್ಸು ಎಂದು ಯಾರಿಗೂ ಗೊತ್ತಿರಲಿಲ್ಲ. ಸಂಜೆ ಪೊಲೀಸರಿಗೆ ದೂರು ಕೊಟ್ಟೆವು.

ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನನ್ನ ಫೋನಿಗೆ ಅಪ್ಪನಿಂದ ಒಂದು ಫೋಟೋ ಬಂತು. ಇಡ್ಲಿ, ವಡೆ, ಕಾಫಿಯ ಬಿಲ್ಲು. ಮಸುಕು ಅಕ್ಷರ, ಅರ್ಧಕ್ಕೆ ಅಪ್ಪನ ಹೆಬ್ಬೆರಳು ಅಡ್ಡ. ಮೇಲೆ ದಪ್ಪಕ್ಷರದಲ್ಲಿ ಉಡುಪಿ ಹೋಟೆಲ್ ಎಂದಿತ್ತು. ಕೂಡಲೇ ಫೋನ್ ಮಾಡಿದರೆ ಸ್ವಿಚ್ ಆಫ್. ಆದರೂ ಅಮ್ಮ ದೇವರಿಗೆ ಕೈ ಮುಗಿದಳು. ಇಲ್ಲೇ ಇದ್ದಾರೆ, ಉಡುಪಿಯಲ್ಲೇ ಇದ್ದಾರೆ ಎಂದು ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ನಾನೂ ಅಣ್ಣನೂ ಬೈಕಿನಲ್ಲಿ ಹೊರಟೆವು. ಬಸ್ ಸ್ಟ್ಯಾಂಡಿನ ಸುತ್ತಲಿನ ಒಂದು ಹೋಟೆಲನ್ನೂ ಬಿಡಲಿಲ್ಲ. ಮಣಿಪಾಲದಲ್ಲಿ ಆಸ್ಪತ್ರೆಗೆ ಬರುವವರು ಊಟ ಮಾಡುವ ಕಡೆಗಳಲ್ಲೆಲ್ಲ ಫೋಟೋ ತೋರಿಸಿದೆವು. ಕಾಪುವಿಗೆ ಹೋದೆವು. ಶನಿವಾರ ಬೆಳಿಗ್ಗೆ ಯಾರೋ ನಿಟ್ಟೆಯ ಹತ್ತಿರ ಒಬ್ಬರು ಅಜ್ಜ ಕೂತಿದ್ದಾರೆ ಎಂದದ್ದಕ್ಕೆ ಕಾರ್ಕಳದ ತನಕ ಓಡಿದೆವು. ಅದು ಬೇರೆ ಯಾರೋ. ಅವರ ಮುಖ ನೋಡಿ ನನಗೆ ಸಿಟ್ಟು ಬಂತು, ನೀವ್ಯಾಕೆ ನಮ್ಮ ಅಪ್ಪ ಅಲ್ಲ ಎಂದು. ಅಂಥ ಹುಚ್ಚು ಸಿಟ್ಟು. ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಅತ್ತೆ.

ಅಂದು ಮಧ್ಯಾಹ್ನ ಆಫೀಸಿಗೆ ಹೋದದ್ದು ಬೀಗದ ಕೈ ಕೊಡಲಿಕ್ಕೆ. ರಿಟರ್ನ್ ಸಲ್ಲಿಸುವ ಕಡೆಯ ದಿನ ಹತ್ತಿರವಿತ್ತು, ಕಪಾಟಿನ ಬೀಗದ ಕೈ ನನ್ನಲ್ಲೇ ಇತ್ತು. ಸರ್ ಅಪ್ಪನ ಫೋಟೋ ಕಳಿಸು, ಗುರುತಿನವರಿಗೆಲ್ಲ ಹಾಕುತ್ತೇನೆ ಎಂದರು. ಬಿಲ್ಲನ್ನೂ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, ನನ್ನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದರು. ಹೆಸರಿನ ಕಡೆ ನೋಡಲೇ ಇಲ್ಲ.

“ಇದು ಇಪ್ಪತ್ತೊಂಬತ್ತು ಅಲ್ಲ. ಮೂವತ್ತಮೂರು,” ಎಂದರು. “ತಮಿಳುನಾಡು.”

ಉಡುಪಿಯಲ್ಲಿದ್ದುಕೊಂಡು ಹೋಟೆಲಿಗೆ ಉಡುಪಿ ಎಂದು ಹೆಸರಿಡುವವರು ಅಪರೂಪ, ಊರು ಬಿಟ್ಟು ಹೋದವರೇ ಹಾಗೆ ಇಡುವುದು. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ಆದರೂ ಆ ಹೆಸರು ಕಂಡ ಕೂಡಲೇ ನಮ್ಮ ಊರು ಎಂದುಕೊಂಡೆವು. ಕೆಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಕೇಂದ್ರಕ್ಕೂ ರಾಜ್ಯಕ್ಕೂ ತಲಾ ಎರಡೂವರೆ ಶೇಕಡಾ ಹಾಕಿದ್ದನ್ನು ನಾನು ನೋಡಿದ್ದೆ. ಅದು ದೇಶದಲ್ಲಿ ಯಾವ ಊರಿನ ಹೋಟೆಲಿನಲ್ಲಿ ತಿಂದರೂ ಹಾಗೇ ಇರುತ್ತದೆ, ಯಾವ ರಾಜ್ಯ ಎಂದು ಹೇಳುವುದಿಲ್ಲ. ಹೇಳುವ ಎರಡು ಅಂಕಿ ಹೆಬ್ಬೆರಳಿನ ಈಚೆಗೆ, ಎಲ್ಲರಿಗೂ ಕಾಣುವ ಹಾಗೆ ಇದ್ದವು. ಒಂದೂವರೆ ದಿನ ಆ ಫೋಟೋವನ್ನು ನೂರು ಜನರಿಗೆ ತೋರಿಸಿದವಳು ನಾನು. ನನ್ನ ಕೆಲಸಕ್ಕಿಷ್ಟು ಬೆಂಕಿ ಬೀಳ ಎನಿಸಿತು.

ಪೂರ್ತಿ ನಂಬರಿದ್ದರೆ ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ವಿಳಾಸವನ್ನೇ ತೆಗೆಯಬಹುದಿತ್ತು. ನಮ್ಮ ಕೈಯಲ್ಲಿದ್ದದ್ದು ಮೊದಲ ಮೂರು ಅಕ್ಷರ ಮಾತ್ರ, ಉಳಿದದ್ದೂ ವಿಳಾಸವೂ ಹೆಬ್ಬೆರಳಿನ ಅಡಿಯಲ್ಲಿದ್ದವು. ಅಷ್ಟು ದೊಡ್ಡ ರಾಜ್ಯದಲ್ಲಿ ಎಲ್ಲಿ ಎಂದು ಹುಡುಕುವುದು? ಅಮ್ಮನಿಗೆ ಫೋನ್ ಮಾಡಿ ತಮಿಳುನಾಡು ಎಂದೆ.

“ಸೇಲಂ,” ಎಂದಳು. “ಮದುವೆಗೆ ಮುಂಚೆ ಅವರು ಸೇಲಂನ ಹೋಟೆಲಿನಲ್ಲಿ ಇದ್ದರು. ಸ್ಟೇಷನ್ನಿನ ಹತ್ತಿರ ಅಂತೆ.”

ಅವರು ಹತ್ತಿದ್ದು ಮಂಗಳೂರಿನ ಬಸ್ಸಾಗಿದ್ದರೆ, ಅಲ್ಲಿಂದ ಚೆನ್ನೈಗೆ ಹೋಗುವ ರೈಲು ಸೇಲಂ ಮೇಲೆಯೇ ಹೋಗುತ್ತದೆ. ಸರ್ ತಮ್ಮ ಗಿರಾಕಿಗಳಾದ ಹೋಟೆಲಿನವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿದರು. ಅವರಿಗೆ ಅಲ್ಲೆಲ್ಲ ನೆಂಟರು, ನೆಂಟರ ನೆಂಟರು. ಎರಡು ಗಂಟೆಯೊಳಗೆ ಸೇಲಂನ ಒಂದು ಹೋಟೆಲಿನ ಧಣಿಯೇ ನನಗೆ ಫೋನ್ ಮಾಡಿದರು. ಊರು ಬಿಟ್ಟು ಮೂವತ್ತು ವರ್ಷವಾದರೂ ಮಾತಿನಲ್ಲಿ ಕುಂದಾಪುರದ ಕಡೆಯವರೆಂದು ಗೊತ್ತಾಗುತ್ತಿತ್ತು. ಅಪ್ಪ ಶುಕ್ರವಾರ ಬೆಳಿಗ್ಗೆ ಬಂದು ತಿಂಡಿ ತಿಂದು, ಹೊರಗಿನ ಬೆಂಚಿನಲ್ಲಿ ಕೂತರಂತೆ. ಕತ್ತಲಾದ ಮೇಲೆ ಅವರೇ ಊಟ ಹಾಕಿ ಒಳಗೆ ಮಲಗಿಸಿದರಂತೆ. ಬೆಳಿಗ್ಗೆ ಮತ್ತೆ ಅದೇ ಬೆಂಚು. ಫೋನ್ ಕೊಡಿ, ಚಾರ್ಜ್ ಮಾಡುತ್ತೇವೆ ಎಂದರೆ ಜೇಬು ಒತ್ತಿ ಹಿಡಿದುಕೊಂಡು ಕೊಡಲೇ ಇಲ್ಲವಂತೆ.

“ಯಾರಿಗೆ ಕಾಯ್ತಿದ್ದೀರಿ ಅಂತ ಕೇಳಿದೆವಮ್ಮಾ. ಮಗಳಿಗೆ ಬಿಲ್ಲು ಕಳಿಸಿದ್ದೇನೆ, ಅವಳಿಗೆ ಬಿಲ್ಲು ನೋಡಿದರೆ ಸಾಕು, ಎಲ್ಲಿ ಅಂತ ಗೊತ್ತಾಗ್ತದೆ, ಬರ್ತಾಳೆ ಅಂದರು. ನಾವೂ ಹೌದು ಅಂದುಕೊಂಡೆವು. ಈಗ ಮಧ್ಯಾಹ್ನದ ಮೇಲೆ ನೋಡಿದರೆ ಬೆಂಚಿನಲ್ಲಿ ಇಲ್ಲ.”

ಸರ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಮುಂದಿನ ಮಾತು ಅವರೇ ಆಡಿದರು. ಆ ಸಂಜೆಯೇ ಅಣ್ಣ ಕಾರು ಗೊತ್ತುಮಾಡಿದ. ದಾರಿಯಲ್ಲಿ ನಾನು ತುತ್ತು ಮುಟ್ಟಲಿಲ್ಲ. ಮಧ್ಯಾಹ್ನದ ತನಕ ಇದ್ದರು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಶುಕ್ರವಾರವೇ ಆ ಎರಡು ಅಂಕಿ ನೋಡಿದ್ದರೆ ಅಪ್ಪ ಬೆಂಚಿನ ಮೇಲೆಯೇ ಸಿಗುತ್ತಿದ್ದರು.

ಭಾನುವಾರ ಬೆಳಿಗ್ಗೆ ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕಿದರು. ಸ್ಟೇಷನ್ನಿನ ಹೊರಗೆ ಬಿಸಿಲಿನಲ್ಲಿ ಬಿದ್ದಿದ್ದರಂತೆ, ಯಾರೋ ಪುಣ್ಯಾತ್ಮರು ತಂದು ಸೇರಿಸಿದ್ದರು. ಹಣೆಗೆ ಪಟ್ಟಿ, ಕೈಗೆ ಗ್ಲೂಕೋಸ್. ಅಣ್ಣನ ಗುರುತು ಸಿಗಲಿಲ್ಲ. ನನ್ನನ್ನು ತುಂಬ ಹೊತ್ತು ನೋಡಿದರು.

“ಬಿಲ್ಲು ಸಿಕ್ಕಿತಾ?” ಎಂದು ತುಳುವಿನಲ್ಲಿ ಕೇಳಿದರು.

ಸಿಕ್ಕಿತು ಅಪ್ಪಾ ಎಂದೆ.

“ಯಾವಾಗ ಸಿಕ್ಕಿತು?”

ಅವರ ಒಣಗಿದ ತುಟಿ ನೋಡುತ್ತಾ, ಈಗಷ್ಟೇ ಸಿಕ್ಕಿತು, ಸಿಕ್ಕಿದ ಕೂಡಲೇ ಹೊರಟು ಬಂದೆ ಎಂದೆ. ಅಪ್ಪ ನಂಬಿದರು.